ಮನೆಯನ್ನು ಪದರ ಪದರವಾಗಿ ಬಿಡಿಸಿಟ್ಟ ಚಿತ್ರ: ಒಪ್ಪಿಗೆ ಕೊಡುವ ಮುನ್ನ ನಡುವಿನ ಖಾಲಿ ಜಾಗವನ್ನೂ ಓದಿ

ಹೊಸ ಮನೆ ಕಟ್ಟಿಸಲು ಹೊರಟವರ ಮೊಬೈಲ್‌ಗೆ ಎಂಜಿನಿಯರ್ ಕಚೇರಿಯಿಂದ ಈಗೀಗ ಒಂದು ಬಗೆಯ ಚಿತ್ರ ಬರುತ್ತದೆ. ಹಿನ್ನೆಲೆ ಅಚ್ಚ ಬಿಳಿ. ಕೆಳಗೆ ಪಾಯ ಮತ್ತು ನೆಲ, ಅದರ ಮೇಲೆ ಗಾಳಿಯಲ್ಲಿ ತೇಲುವ ಗೋಡೆಗಳು, ಇನ್ನೂ ಮೇಲೆ ತೇಲುವ ಮೋಲ್ಡ್, ತುದಿಯಲ್ಲಿ ಪ್ಯಾರಾಪೆಟ್ ಮತ್ತು ನೀರಿನ ಟ್ಯಾಂಕ್. ಮೂಲೆಯಿಂದ ಮೂಲೆಗೆ ಸಣ್ಣ ಚುಕ್ಕಿ ಗೆರೆ. ಟಿಫಿನ್ ಕ್ಯಾರಿಯರ್ ಬಿಚ್ಚಿ ಡಬ್ಬಿಗಳನ್ನು ಒಂದರ ಮೇಲೊಂದು ಎತ್ತಿ ಹಿಡಿದ ಹಾಗೆ ಕಾಣುತ್ತದೆ. ಪ್ಲ್ಯಾನ್ ಓದಲು ಬಾರದ ಮನೆಯ ಹಿರಿಯರಿಗೂ ‘ಇದು ಹಾಲ್, ಇದು ಅಡುಗೆಮನೆ’ ಎಂದು ತಕ್ಷಣ ತಿಳಿಯುತ್ತದೆ. ಹಾಗಾಗಿ ಈ ಚಿತ್ರ ನೋಡಿಯೇ ಎಷ್ಟೋ ಜನ ‘ಆಯ್ತು, ಶುರು ಮಾಡಿ’ ಎಂದುಬಿಡುತ್ತಾರೆ.

ತಕರಾರು ಶುರುವಾಗುವುದು ಆಮೇಲೆ. ‘ಚಿತ್ರದಲ್ಲಿ ಇತ್ತಲ್ಲ’ ಎಂದು ಮನೆಯವರು, ‘ಅದು ಲೆಕ್ಕದಲ್ಲಿ ಇರ್ಲಿಲ್ಲ ಸಾರ್’ ಎಂದು ಮೇಸ್ತ್ರಿ. ಹೆಚ್ಚಿನ ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಈ ಚಿತ್ರ ಏನನ್ನು ತೋರಿಸುತ್ತದೆ, ಏನನ್ನು ನುಂಗುತ್ತದೆ ಎಂಬುದನ್ನು ಇಬ್ಬರೂ ಕೂತು ಓದಿರುವುದಿಲ್ಲ, ಅಷ್ಟೇ. ಮನೆಯ ದುಡ್ಡು ಸೋರುವುದು, ಮಳೆನೀರು ಸೋರುವುದು ಬಹುತೇಕ ಎರಡು ಪದರ ಕೂಡುವ ಕಡೆ. ಚಿತ್ರದಲ್ಲಿ ಬರೀ ಬಿಳಿ ಗಾಳಿಯಾಗಿ ಕಾಣುವುದು ಅದೇ ಜಾಗ.

ಇದು ಎಂಥ ಚಿತ್ರ?

ಎಂಜಿನಿಯರುಗಳು ಇದನ್ನು ಎಕ್ಸ್‌ಪ್ಲೋಡೆಡ್ ಆಕ್ಸನೊಮೆಟ್ರಿಕ್ ಎನ್ನುತ್ತಾರೆ. ಹೆಸರು ಗಡಸಾದರೂ ಒಳಗಿರುವುದು ಎರಡೇ ಸಂಗತಿ.

ಮೊದಲನೆಯದು ಆಕ್ಸನೊಮೆಟ್ರಿಕ್. ಕ್ಯಾಮೆರಾದಲ್ಲಿ ತೆಗೆದ ಫೋಟೋದಲ್ಲಿ ಹತ್ತಿರದ ಮೂಲೆ ದೊಡ್ಡದು, ದೂರದ ಮೂಲೆ ಚಿಕ್ಕದು. ರೈಲು ಹಳಿ ದೂರದಲ್ಲಿ ಸೇರಿದಂತೆ ಕಾಣುವುದು ಇದರಿಂದಲೇ. ಆಕ್ಸನೊಮೆಟ್ರಿಕ್‌ನಲ್ಲಿ ಹಾಗಾಗುವುದಿಲ್ಲ. ನಿಜದಲ್ಲಿ ಸಮಾನಾಂತರವಾಗಿರುವ ಗೋಡೆಗಳು ಚಿತ್ರದಲ್ಲೂ ಸಮಾನಾಂತರವೇ. ಹತ್ತಿರದ ಬಾಗಿಲೂ ದೂರದ ಬಾಗಿಲೂ ಒಂದೇ ಎತ್ತರ. ಇದರಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆ ಐಸೊಮೆಟ್ರಿಕ್. ಅದರಲ್ಲಿ ಮನೆಯ ಉದ್ದ ಮತ್ತು ಅಗಲದ ಗೆರೆಗಳು ಕಾಗದದ ಅಡ್ಡ ಗೆರೆಗೆ 30 ಡಿಗ್ರಿ ಓರೆಯಾಗಿ ಎರಡೂ ಕಡೆ ಏರುತ್ತವೆ, ಎತ್ತರದ ಗೆರೆ ನೇರ ನಿಲ್ಲುತ್ತದೆ.

ಎರಡನೆಯದು ಎಕ್ಸ್‌ಪ್ಲೋಡೆಡ್, ಅಂದರೆ ಬಿಡಿಸಿಟ್ಟದ್ದು. ಮಿಕ್ಸಿ ಅಥವಾ ಪಂಪ್‌ಸೆಟ್ ಜೊತೆ ಬರುವ ಪುಸ್ತಕದಲ್ಲಿ ಬಿಡಿಭಾಗಗಳನ್ನು ಒಂದೇ ಸಾಲಿನಲ್ಲಿ ಎಳೆದಿಟ್ಟು ತೋರಿಸಿರುತ್ತಾರಲ್ಲ, ಅದೇ ಕ್ರಮ. ಮನೆಯಲ್ಲಿ ಎಳೆಯುವ ದಿಕ್ಕು ಒಂದೇ: ನೇರ ಮೇಲಕ್ಕೆ.

ಐಸೊಮೆಟ್ರಿಕ್ ಕ್ರಮವನ್ನು ನಿಯಮಬದ್ಧವಾಗಿ ವಿವರಿಸಿದವರು ಇಂಗ್ಲೆಂಡಿನ ಕೇಂಬ್ರಿಜ್‌ನ ಪ್ರಾಧ್ಯಾಪಕ ವಿಲಿಯಂ ಫ್ಯಾರಿಶ್. 1822ರಲ್ಲಿ ಅವರ ಬರಹ ಪ್ರಕಟವಾಯಿತು. ಪಾಠಕ್ಕೆ ಬೇಕಾದ ಯಂತ್ರಗಳ ಮಾದರಿಗಳನ್ನು ಅವರು ಬಿಡಿಭಾಗಗಳಿಂದ ಜೋಡಿಸಿ ತೋರಿಸುತ್ತಿದ್ದರು. ತಾವು ಪಕ್ಕದಲ್ಲಿ ಇಲ್ಲದಿದ್ದರೂ ಸಹಾಯಕರು ಚಿತ್ರ ನೋಡಿ ಸರಿಯಾಗಿ ಜೋಡಿಸಬೇಕಿತ್ತು. ಅಂದರೆ ಈ ಚಿತ್ರ ಹುಟ್ಟಿದ್ದು ಕೆಲಸದವರ ಕೈಗೆ, ಯಾವುದರ ಮೇಲೆ ಯಾವುದು ಕೂರುತ್ತದೆ ಎಂದು ತಿಳಿಸಲು. ಗೋಡೆಗೆ ತೂಗುಹಾಕುವ ಅಲಂಕಾರ ಆದದ್ದು ಆಮೇಲೆ.

ಯಾವ ಅಳತೆ ನಂಬಬಹುದು?

ಒಂದು ಉದಾಹರಣೆ ಹಿಡಿದು ನೋಡುವುದು ಸುಲಭ. 30×40 ಸೈಟಿನಲ್ಲಿ ಒಂದೇ ಅಂತಸ್ತಿನ ಪುಟ್ಟ ಮನೆ. ಹೊರ ಅಳತೆ 18 ಅಡಿ ಅಗಲ, 26 ಅಡಿ ಉದ್ದ. ಒಳಗೆ 10×14ರ ಹಾಲ್, 10×10½ರ ಕೋಣೆ, 6½×10½ರ ಅಡುಗೆಮನೆ, ಪಕ್ಕದಲ್ಲಿ ಮಕ್ಕಳಿಗೊಂದು ಸಣ್ಣ ಕೋಣೆ ಮತ್ತು ಬಚ್ಚಲು. ಗೋಡೆಗಳೆಲ್ಲ 6 ಇಂಚಿನ ಸಾಲಿಡ್ ಬ್ಲಾಕ್. ನೆಲದಿಂದ ಪ್ಲಿಂತ್ 2 ಅಡಿ, ಅಲ್ಲಿಂದ ಲಿಂಟಲ್ ತಳಕ್ಕೆ 7 ಅಡಿ, ಲಿಂಟಲ್ ದಪ್ಪ ಅರ್ಧ ಅಡಿ, ಅದರ ಮೇಲೆ ಎರಡೂವರೆ ಅಡಿ ಗೋಡೆ, 5 ಇಂಚಿನ ಮೋಲ್ಡ್, 3 ಅಡಿ ಪ್ಯಾರಾಪೆಟ್. ಪಾಯ ಮಣ್ಣೊಳಗೆ 3 ಅಡಿ ಎಂದುಕೊಳ್ಳೋಣ. ಮೆಟ್ಟಿಲು ಹೊರಗೆ, ಕಬ್ಬಿಣದ್ದು.

ಈ ಮನೆಯ ಐಸೊಮೆಟ್ರಿಕ್ ಚಿತ್ರವನ್ನು ಒಂದು ಅಡಿಗೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ ಬರೆದರೆ ಅಗಲದ ಗೆರೆ 18 ನೂಲು, ಉದ್ದದ ಗೆರೆ 26 ನೂಲು, ಏಳಡಿ ಬಾಗಿಲು 7 ನೂಲು. ಟೇಪ್ ಇಟ್ಟು ಎಣಿಸಿಕೊಳ್ಳಬಹುದು. ಉದ್ದ, ಅಗಲ, ಎತ್ತರ, ಈ ಮೂರು ದಿಕ್ಕಿನ ಗೆರೆಗಳ ಮೇಲೆ ಅಳತೆ ಪಕ್ಕಾ.

ಮೊಬೈಲ್‌ನಲ್ಲಿ ಬಂದ ಚಿತ್ರ ಯಾವ ಗಾತ್ರಕ್ಕೆ ಪ್ರಿಂಟ್ ಆಗುತ್ತದೋ ಹೇಳಲಾಗದು. ಅದಕ್ಕೊಂದು ಉಪಾಯ ಇದೆ. ಗೊತ್ತಿರುವ ಒಂದು ಗೆರೆಯನ್ನು ಅಳೆದು, ಮಿಕ್ಕದ್ದನ್ನು ಅದಕ್ಕೆ ಹೋಲಿಸಬೇಕು. 18 ಅಡಿಯ ಗೆರೆ ಕಾಗದದ ಮೇಲೆ 9 ಸೆಂಟಿಮೀಟರ್ ಬಂದರೆ 26 ಅಡಿಯ ಗೆರೆ 13 ಬರಬೇಕು. ಬಂದಿಲ್ಲ ಎಂದರೆ ಅದು ಐಸೊಮೆಟ್ರಿಕ್ ಅಲ್ಲ, ಅಥವಾ ಚಿತ್ರವನ್ನು ಎಲ್ಲೋ ಎಳೆದು ಹಿಗ್ಗಿಸಿದ್ದಾರೆ. ದೂರದ ಮೂಲೆಯ ಗೋಡೆ ಹತ್ತಿರದ್ದಕ್ಕಿಂತ ಗಿಡ್ಡ ಕಂಡರೆ ಅದು ಫೋಟೋ ಮಾದರಿಯ ಚಿತ್ರ. ನೋಡಲು ಚೆಂದ, ಅಳತೆಗೆ ಬರುವುದಿಲ್ಲ.

ಆದರೆ ಮೂಲೆಯಿಂದ ಮೂಲೆಗೆ ಎಳೆದ ಓರೆ ಅಳತೆಯನ್ನು ಮಾತ್ರ ಈ ಚಿತ್ರದಿಂದ ತೆಗೆಯಲೇಬಾರದು. ಗುರುತು ಹಾಕುವ ದಿನ ಮೇಸ್ತ್ರಿ ಎರಡೂ ಕರ್ಣ ಹಿಡಿದು ಮೂಲೆ ಮಟ್ಟ ನೋಡುವುದು ಎಲ್ಲರಿಗೂ ಗೊತ್ತು. 18×26ರ ಮನೆಗೆ ಎರಡೂ ಕರ್ಣ 31 ಅಡಿ ಏಳೂವರೆ ಇಂಚು ಬರಬೇಕು. ಇದೇ ಮನೆಯ ಐಸೊಮೆಟ್ರಿಕ್ ಚಿತ್ರದಲ್ಲಿ ಎಡಮೂಲೆಯಿಂದ ಬಲಮೂಲೆಗೆ 38 ನೂಲು ಸಿಗುತ್ತದೆ, ಮುಂದಿನ ಮೂಲೆಯಿಂದ ಹಿಂದಿನ ಮೂಲೆಗೆ ಬರೀ 23. ಒಂದು ಸುಮಾರು ಆರೂವರೆ ಅಡಿ ಜಾಸ್ತಿ, ಇನ್ನೊಂದು ಸುಮಾರು ಎಂಟೂವರೆ ಅಡಿ ಕಮ್ಮಿ. ಚಿತ್ರ ತಪ್ಪಲ್ಲ, ಓರೆ ನೋಟದ ಗುಣವೇ ಅದು. ಮಂಚ ಓರೆಯಾಗಿ ಹಿಡಿಸುತ್ತದಾ, ಬೀರು ತಿರುಗಿಸಿ ಒಯ್ಯಬಹುದಾ ಎಂಬುದನ್ನೆಲ್ಲ ಪ್ಲ್ಯಾನ್ ಹಾಳೆಯಲ್ಲೇ ನೋಡಬೇಕು.

ನಾಲ್ಕೇ ಪದರ ಯಾಕೆ ಬರುತ್ತವೆ?

ಪದರಗಳ ನಡುವಿನ ಖಾಲಿ ಜಾಗ ಎತ್ತರವಲ್ಲ. ಇದನ್ನು ಹೇಳಿದರೆ ‘ಗೊತ್ತು ಬಿಡಿ’ ಎನ್ನುವವರೇ ಹೆಚ್ಚು. ಆದರೆ ಆ ಜಾಗ ಎಷ್ಟಿರಬೇಕು ಎಂಬುದಕ್ಕೆ ಒಂದು ಲೆಕ್ಕ ಇದೆ, ಆ ಲೆಕ್ಕವೇ ಮುಂದಿನ ತೊಂದರೆಯ ಮೂಲ.

ಮೇಲಿನ ಪದರವನ್ನು ಸ್ವಲ್ಪವೇ ಎತ್ತಿದರೆ ಅದು ಕೆಳಗಿನ ಪದರದ ಹಿಂಭಾಗವನ್ನು ಮುಚ್ಚಿಕೊಳ್ಳುತ್ತದೆ. ಕೆಳಗಿನದು ಪೂರ್ತಿ ಕಾಣಬೇಕಾದರೆ, ಓರೆಯಾಗಿ ಬರೆದ ನೆಲ ಕಾಗದದ ಮೇಲೆ ಎಷ್ಟು ಎತ್ತರ ಹಿಡಿದಿದೆಯೋ ಅಷ್ಟು ಎತ್ತಬೇಕು. ಐಸೊಮೆಟ್ರಿಕ್‌ನಲ್ಲಿ ಅದು ಉದ್ದ ಮತ್ತು ಅಗಲ ಕೂಡಿಸಿದ ಮೊತ್ತದ ಅರ್ಧ. ನಮ್ಮ ಮನೆಗೆ 18 ಮತ್ತು 26 ಕೂಡಿದರೆ 44, ಅದರ ಅರ್ಧ 22. ಅಂದರೆ ಒಂದೊಂದು ಪದರದ ನಡುವೆ 22 ಅಡಿಯ ಗಾಳಿ. ಇಡೀ ಮನೆಯೇ ನೆಲದಿಂದ ಪ್ಯಾರಾಪೆಟ್ ತುದಿಗೆ 15 ಅಡಿ 5 ಇಂಚು ಇರುವಾಗ, ನಡುವಿನ ಗಾಳಿ ಅದಕ್ಕಿಂತ ಎತ್ತರ!

ಈಗ ಕಾಗದದ ಲೆಕ್ಕ. ನಾಲ್ಕು ಪದರ ಎಂದರೆ ಮೂರು ಖಾಲಿ ಜಾಗ, 66 ನೂಲು. ಅದಕ್ಕೆ ಪಾಯ ಸೇರಿ ಮನೆಯ ಎತ್ತರ 18 ನೂಲು, ಓರೆ ನೆಲದ 22 ನೂಲು ಸೇರಿಸಿದರೆ ಒಟ್ಟು 106 ನೂಲು, ಹದಿಮೂರು ಕಾಲು ಇಂಚು. ಹದಿನಾರೂವರೆ ಇಂಚು ಉದ್ದದ ಎ3 ಹಾಳೆಯಲ್ಲಿ ಆರಾಮಾಗಿ ಕೂರುತ್ತದೆ. ಏಳು ಪದರ ಬಿಡಿಸಿದರೆ ಆರು ಖಾಲಿ ಜಾಗ, ಒಟ್ಟು ಇಪ್ಪತ್ತೊಂದೂವರೆ ಇಂಚು. ಹಾಳೆಯಿಂದ ಹೊರಗೆ.

ಹೀಗಾಗಿ ಡ್ರಾಫ್ಟ್ಸ್‌ಮನ್ ನಾಲ್ಕಕ್ಕೇ ನಿಲ್ಲಿಸುತ್ತಾರೆ: ಪಾಯ ಮತ್ತು ನೆಲ ಒಂದು, ಗೋಡೆ ಒಂದು, ಮೋಲ್ಡ್ ಒಂದು, ಪ್ಯಾರಾಪೆಟ್ ಮತ್ತು ಟ್ಯಾಂಕ್ ಒಂದು. ಚಿತ್ರ ಹಗುರಾಗಿ, ಶುಚಿಯಾಗಿ ಕಾಣುತ್ತದೆ. ಆದರೆ ಕಟ್ಟುವ ಕೆಲಸ ನಿಲ್ಲುವುದು, ಹೊಸ ಕಂತು ಕೇಳುವುದು ಈ ನಾಲ್ಕು ಕಡೆ ಮಾತ್ರ ಅಲ್ಲ. ಸೈಟಿನಲ್ಲಿ ಪದರ ಏಳು: ಪಾಯ, ಪ್ಲಿಂತ್ ಬೀಮ್ ಮತ್ತು ನೆಲ, ಲಿಂಟಲ್ ತನಕ ಗೋಡೆ, ಲಿಂಟಲ್ ಮತ್ತು ಸಜ್ಜ, ಲಿಂಟಲ್ ಮೇಲಿನ ಗೋಡೆ, ಮೋಲ್ಡ್, ಪ್ಯಾರಾಪೆಟ್. ಕಾಗದ ಉಳಿಸಲು ಒಂದಾದ ಪದರಗಳ ಒಳಗೇ ಮುಂದಿನ ತಕರಾರು ಅಡಗಿರುತ್ತದೆ.

ನುಂಗಿಹೋದ ಲಿಂಟಲ್

ನಾಲ್ಕು ಪದರದ ಚಿತ್ರದಲ್ಲಿ ಗೋಡೆ ಎಂದರೆ ಹತ್ತಡಿ ಎತ್ತರದ ಬಿಳಿ ಹಲಗೆ. ಬಾಗಿಲು, ಕಿಟಕಿಯ ಜಾಗದಲ್ಲಿ ನೀಟಾಗಿ ಕೊರೆದ ತೂತು. ಆ ತೂತುಗಳ ಮೇಲಿನ ಭಾರವನ್ನು ಹೊರುವ ಲಿಂಟಲ್ ಕಾಣುವುದೇ ಇಲ್ಲ. ಕರಾರಿನಲ್ಲಿ ‘ಲಿಂಟಲ್ ಸೇರಿ’ ಎಂದು ಬರೆದಿರುತ್ತದೆ. ಎಂಥ ಲಿಂಟಲ್ ಎಂದು ಬರೆದಿರುವುದಿಲ್ಲ.

ಲಿಂಟಲ್ ಎರಡು ಬಗೆಯಲ್ಲಿ ಹಾಕುತ್ತಾರೆ. ಬಾಗಿಲು, ಕಿಟಕಿಯ ಮೇಲೆ ಮಾತ್ರ ತುಂಡು ತುಂಡಾಗಿ ಹಾಕುವುದು ಒಂದು. ಎಲ್ಲ ಗೋಡೆಗಳ ಮೇಲೂ ಸೊಂಟಪಟ್ಟಿಯ ಹಾಗೆ ಸುತ್ತು ಹಾಕುವುದು ಇನ್ನೊಂದು. ಸುತ್ತು ಲಿಂಟಲ್ ಗೋಡೆಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುತ್ತದೆ. ಭೂಮಿ ಅಲುಗಿದಾಗ, ಪಾಯ ಒಂದು ಕಡೆ ಸ್ವಲ್ಪ ಕುಸಿದಾಗ ಗೋಡೆ ಬಿರಿಯುವುದನ್ನು ತಡೆಯಲು ಇದು ನೆರವಾಗುತ್ತದೆ.

ನಮ್ಮ ಮನೆಯಲ್ಲಿ ಇವೆರಡರ ವ್ಯತ್ಯಾಸ ಎಷ್ಟು? ಹೊರಗೋಡೆ ಸುತ್ತ 86 ಅಡಿ, ಒಳಗೋಡೆಗಳು 48 ಅಡಿ, ಒಟ್ಟು 134 ಅಡಿ. ಸುತ್ತು ಲಿಂಟಲ್ ಎಂದರೆ ಇಷ್ಟೂ ಉದ್ದ. ತುಂಡು ಲಿಂಟಲ್ ಆದರೆ ಐದು ಬಾಗಿಲು, ನಾಲ್ಕು ಕಿಟಕಿ, ಒಂದು ವೆಂಟಿಲೇಟರ್ ಸೇರಿ ತೆರಪುಗಳ ಅಗಲ 32 ಅಡಿ. ಒಂದೊಂದಕ್ಕೂ ಎರಡು ಬದಿ ಅರ್ಧರ್ಧ ಅಡಿ ಗೋಡೆ ಮೇಲೆ ಕೂರಬೇಕು, ಅದು 10 ಅಡಿ. ಒಟ್ಟು 42 ಅಡಿ. ಲಿಂಟಲ್ 6 ಇಂಚು ಅಗಲ, 6 ಇಂಚು ದಪ್ಪ ಎಂದಿಟ್ಟುಕೊಂಡರೆ ಒಂದಕ್ಕೆ ಮೂವತ್ತಮೂರೂವರೆ ಘನ ಅಡಿ ಕಾಂಕ್ರೀಟ್ ಬೇಕು, ಇನ್ನೊಂದಕ್ಕೆ ಹತ್ತೂವರೆ. ಮೂರು ಪಟ್ಟಿಗೂ ಹೆಚ್ಚು. ಕಂಬಿ, ಸೆಂಟ್ರಿಂಗ್ ಹಲಗೆ, ಕೂಲಿ ಕೂಡ ಹೆಚ್ಚುಕಮ್ಮಿ ಅದೇ ಲೆಕ್ಕದಲ್ಲಿ ಏರುತ್ತವೆ.

ಮನೆಯವರ ಮನಸ್ಸಿನಲ್ಲಿ ಸುತ್ತು ಲಿಂಟಲ್, ಮೇಸ್ತ್ರಿಯ ರೇಟಿನಲ್ಲಿ ತುಂಡು ಲಿಂಟಲ್. ಇಬ್ಬರೂ ನೋಡಿದ್ದು ಒಂದೇ ಚಿತ್ರ. ಗೋಡೆ ಏಳಡಿಗೆ ಬಂದ ದಿನ ಜಗಳ. ಲಿಂಟಲ್ ಅನ್ನು ಒಂದು ಪ್ರತ್ಯೇಕ ಪದರವಾಗಿ ಎತ್ತಿ ತೋರಿಸಿದ್ದರೆ, ಅದು ಮುಚ್ಚಿದ ಚೌಕದ ಹಾಗೆ ಇದೆಯಾ, ಹತ್ತು ಬಿಡಿ ತುಂಡುಗಳಾಗಿದೆಯಾ ಎಂದು ಮನೆಯ ಅಜ್ಜಿಯೂ ಹೇಳಿಬಿಡುತ್ತಿದ್ದರು. ಬಿಡಿಸಿಟ್ಟ ಚಿತ್ರದ ನಿಜವಾದ ಉಪಯೋಗ ಇದೇ.

ಏಳು ಪದರ ಹಾಳೆಗೆ ಹಿಡಿಸುವುದಿಲ್ಲ ಎಂಬುದಕ್ಕೂ ದಾರಿ ಇದೆ. ನಡುವಿನ ಗಾಳಿಯನ್ನು 22 ಅಡಿಯಿಂದ 11ಕ್ಕೆ ಇಳಿಸಿದರೆ ಏಳು ಪದರವೂ ಅದೇ ಹದಿಮೂರು ಕಾಲು ಇಂಚಿನಲ್ಲಿ ಕೂರುತ್ತವೆ. ಹಿಂಭಾಗ ಒಂದಿಷ್ಟು ಮುಚ್ಚಿಕೊಳ್ಳುತ್ತದೆ ನಿಜ. ಆದರೆ ಲಿಂಟಲ್, ಪ್ಲಿಂತ್ ಬೀಮ್‌ನಂಥವು ನಡುವೆ ಟೊಳ್ಳಾದ ಚೌಕಟ್ಟುಗಳು. ಮುಂಭಾಗ ನೋಡಿದರೆ ಹಿಂಭಾಗ ಊಹಿಸಬಹುದು. ಅದೂ ಬೇಡವೆಂದರೆ ಎರಡು ಹಾಳೆ ಕೇಳಬಹುದು.

ತೇವ ಏರುವ ಕಡೆ, ನೀರು ಇಳಿಯುವ ಕಡೆ

ಚುಕ್ಕಿ ಗೆರೆ ಹಿಡಿದು ಕೆಳಗಿನಿಂದ ಮೇಲಕ್ಕೆ ಬಂದರೆ ಇನ್ನೆರಡು ಕೂಡಿಕೆಗಳಲ್ಲಿ ನಿಂತು ಕೇಳಲೇಬೇಕು.

ಮೊದಲನೆಯದು ಪ್ಲಿಂತ್ ಮತ್ತು ಗೋಡೆ ಕೂಡುವ ಕಡೆ. ನೆಲದ ತೇವ ಕಲ್ಲು, ಬ್ಲಾಕ್‌ಗಳ ಸೂಕ್ಷ್ಮ ರಂಧ್ರಗಳ ಮೂಲಕ ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಮೇಲೇರುತ್ತದೆ. ಅದನ್ನು ಅಲ್ಲೇ ತಡೆಯಲು ನೀರು ಹೀರದ ಒಂದು ಪದರ ಬೇಕು, ಕೆಲಸದವರು ಡಿಪಿಸಿ ಎನ್ನುತ್ತಾರೆ. ದಟ್ಟ ಕಾಂಕ್ರೀಟಿನ ಪ್ಲಿಂತ್ ಬೀಮ್ ಸುತ್ತಲೂ ಎಲ್ಲೂ ಕಡಿಯದೆ ಇದ್ದರೆ ಅದೂ ಬಹುಮಟ್ಟಿಗೆ ಈ ಕೆಲಸ ಮಾಡುತ್ತದೆ. ಚಿತ್ರದಲ್ಲಿ ಪಾಯ ಮತ್ತು ನೆಲವನ್ನು ಒಂದೇ ಬೂದು ದಿಮ್ಮಿಯಾಗಿ ತೋರಿಸಿದ್ದರೆ ಈ ಪದರ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಇಲ್ಲದಿದ್ದರೆ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ, ಬಿಳಿ ಉಪ್ಪು ಕಂಡು, ಗಾರೆ ಉದುರತೊಡಗುತ್ತದೆ. ಆಮೇಲೆ ಗೋಡೆ ಎತ್ತಿ ಪದರ ಸೇರಿಸಲು ಆಗುವುದಿಲ್ಲ.

ಎರಡನೆಯದು ಮೋಲ್ಡ್ ಮತ್ತು ಪ್ಯಾರಾಪೆಟ್ ಕೂಡುವ ಕಡೆ. ಚಿತ್ರದಲ್ಲಿ ಮೋಲ್ಡ್ ಮೇಜಿನ ಹಲಗೆಯಷ್ಟು ಸಪಾಟು. ನಿಜದಲ್ಲಿ ಮೇಲ್ಭಾಗಕ್ಕೆ ವಾಟ ಕೊಡಬೇಕು. ನೂರಕ್ಕೆ ಒಂದರ ಲೆಕ್ಕ ಹಿಡಿದರೆ 18 ಅಡಿ ಅಗಲಕ್ಕೆ ಸುಮಾರು ಎರಡು ಇಂಚು ಇಳಿಜಾರು. ಇಷ್ಟು ಸಣ್ಣ ಇಳಿಜಾರು ಈ ಗಾತ್ರದ ಚಿತ್ರದಲ್ಲಿ ನೂಲಿನ ಆರನೇ ಒಂದು ಭಾಗ, ಅಂದರೆ ಗೆರೆಯ ದಪ್ಪದಲ್ಲೇ ಕರಗುತ್ತದೆ. ಹಾಗಾಗಿ ವಾಟವನ್ನು ಚಿತ್ರದಲ್ಲಿ ಹುಡುಕುವುದು ವ್ಯರ್ಥ, ಬಾಣದ ಗುರುತು ಹಾಕಿಸಬೇಕು. ನೀರು ಯಾವ ಮೂಲೆಗೆ, ಪೈಪ್ ಎಷ್ಟು, ಪ್ಯಾರಾಪೆಟ್ ಬುಡದಲ್ಲಿ ನೀರು ನಿಲ್ಲದಂತೆ ಗಾರೆಯನ್ನು ದುಂಡಗೆ ತಿರುಗಿಸುತ್ತಾರಾ, ಈ ಮೂರು ಪ್ರಶ್ನೆ ಅಲ್ಲೇ ಕೇಳಬೇಕು. ಮೋಲ್ಡ್ ಒಂದು ದಿನ ಹಾಕಿ, ಪ್ಯಾರಾಪೆಟ್ ಬ್ಲಾಕ್ ಇನ್ನೊಂದು ದಿನ ಕೂರಿಸುವುದರಿಂದ ಆ ಬುಡದ ಸಂದು ಮಳೆನೀರಿಗೆ ಸಲೀಸು ದಾರಿ.

ಪಾಯದ ವಿಷಯ ಬೇರೆ. ಚಿತ್ರದಲ್ಲಿ ಅದು ಎಲ್ಲ ಕಡೆ ಒಂದೇ ಆಳ ಕಂಡರೂ ಗುಂಡಿ ತೋಡುವ ತನಕ ಅದು ಅಂದಾಜು. ಗಟ್ಟಿ ಕೆಮ್ಮಣ್ಣು ಬೇಗ ಸಿಕ್ಕರೆ ಒಂದು ಲೆಕ್ಕ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣು ಬಂದರೆ ಪಾಯದ ಬಗೆಯೇ ಬದಲಾಗಬಹುದು.

ಶುಚಿಯಾಗಿ ಕಾಣಲು ಏನೇನು ಅಳಿಸುತ್ತಾರೆ?

ಚಿತ್ರ ಹೇಗೆ ತಯಾರಾಗುತ್ತದೆ ಎಂದು ತಿಳಿದರೆ ಏನು ಅಳಿಸಿಹೋಗಿದೆ ಎಂಬುದೂ ತಿಳಿಯುತ್ತದೆ. ಹೆಚ್ಚಿನವರು ಬಳಸುವ ಸ್ಕೆಚ್‌ಅಪ್‌ನಲ್ಲಿ ಮೊದಲು ಮನೆಯನ್ನು ಜೋಡಿಸಿದ ಸ್ಥಿತಿಯಲ್ಲೇ ಕಟ್ಟುತ್ತಾರೆ, ಒಂದೊಂದು ಪದರವನ್ನೂ ಪ್ರತ್ಯೇಕ ಗುಂಪು ಮಾಡುತ್ತಾರೆ. ಆಮೇಲೆ Camera ಪಟ್ಟಿಯಲ್ಲಿ Parallel Projection ಆರಿಸಿ, Standard Views ಒಳಗಿನ Iso ಒತ್ತುತ್ತಾರೆ. ನಂತರ ಒಂದೊಂದು ಗುಂಪನ್ನೂ ನೇರ ಮೇಲಕ್ಕೆ ಎತ್ತಿ, ಎಷ್ಟು ಅಡಿ ಎಂದು ಟೈಪ್ ಮಾಡುತ್ತಾರೆ. ಗುಂಪು ಎಷ್ಟು ಮಾಡಿದ್ದಾರೋ ಪದರ ಅಷ್ಟೇ. ಲಿಂಟಲ್ ಅನ್ನು ಗೋಡೆಯ ಗುಂಪಿನಲ್ಲೇ ಸೇರಿಸಿಬಿಟ್ಟಿದ್ದರೆ, ಅಥವಾ ಮಾಡಿಯೇ ಇಲ್ಲದಿದ್ದರೆ, ಆಮೇಲೆ ಬಿಡಿಸಲು ಬರುವುದಿಲ್ಲ. ಆದ್ದರಿಂದ ಏಳು ಪದರ ಬೇಕು ಎಂದು ಮೊದಲ ದಿನವೇ ಹೇಳುವುದು ಒಳ್ಳೆಯದು. ಆಗ ಅದು ಸ್ವಲ್ಪ ಹೆಚ್ಚಿನ ಕೆಲಸ. ಚಿತ್ರ ಮುಗಿದ ಮೇಲೆ ಕೇಳಿದರೆ ಎರಡನೇ ಸಲ ಮಾಡಿದ ಹಾಗೆ.

ಒಂದು ಮಾತು: ಸ್ಕೆಚ್‌ಅಪ್ ಸ್ಕೇಲ್‌ಗೆ ಪ್ರಿಂಟ್ ಕೊಟ್ಟಾಗ ಈ ನೋಟದಲ್ಲಿ 18 ನೂಲಿನ ಗೆರೆ ಹದಿನಾಲ್ಕೂ ಮುಕ್ಕಾಲು ನೂಲಿನಷ್ಟೇ ಬರಬಹುದು. ಮೋಸ ಅಲ್ಲ. ಓರೆ ನೋಟದಲ್ಲಿ ಮೂರೂ ದಿಕ್ಕಿನ ಗೆರೆಗಳು ಸಮನಾಗಿ, ನೂರಕ್ಕೆ ಸುಮಾರು 82ಕ್ಕೆ ಕುಗ್ಗುತ್ತವೆ. ಕೈಯಿಂದ ಬರೆಯುವವರು ಆ ಕುಗ್ಗುವಿಕೆ ಬಿಟ್ಟು ಪೂರ್ತಿ ಅಳತೆ ಹಾಕುತ್ತಾರೆ. ಮೇಲೆ ಹೇಳಿದ ಹೋಲಿಕೆ ಲೆಕ್ಕ ಎರಡಕ್ಕೂ ಸರಿಹೋಗುತ್ತದೆ.

ಎತ್ತಿದ ಮೇಲೆ ನೆರಳಿನ ತೊಂದರೆ ಬರುತ್ತದೆ. ತೇಲುವ ಮೋಲ್ಡ್‌ನ ನೆರಳು ಕೆಳಗಿನ ಕೋಣೆಗಳ ಮೇಲೆ ಬಿದ್ದು ಕತ್ತಲಾಗುತ್ತದೆ. ಅದಕ್ಕೇ ಬಿಸಿಲಿನ ನೆರಳು ತೆಗೆದು, ಮೂಲೆಗಳಲ್ಲಿ ಮಾತ್ರ ಮೆತ್ತಗಿನ ಮಸುಕು ಇಡುತ್ತಾರೆ. ಅಂದಮೇಲೆ ಕೋಣೆಯೊಳಗೆ ಬೆಳಕು ಎಷ್ಟು ಬರುತ್ತದೆ ಎಂಬುದನ್ನು ಈ ಚಿತ್ರದಿಂದ ತೀರ್ಮಾನಿಸಬಾರದು. ಮಾಡು ತೆಗೆದಿಟ್ಟ ಮನೆಯಲ್ಲಿ ಎಲ್ಲ ಕೋಣೆಯೂ ಬೆಳಗುತ್ತದೆ.

ಕೊನೆಗೆ ಬಣ್ಣ ಎರಡು ಮೂರಕ್ಕೆ ಇಳಿಸಿ, ಸಣ್ಣ ಗೆರೆಗಳನ್ನು ಅಡಗಿಸುತ್ತಾರೆ. ಆಗ ಮೊದಲು ಮಾಯವಾಗುವುದು ಪೈಪು ಮತ್ತು ವೈರು. ಮೋಲ್ಡ್ ಒಳಗೆ ಹೋಗುವ ವಿದ್ಯುತ್ ಪೈಪ್‌ಗಳನ್ನು ಕಾಂಕ್ರೀಟ್ ಸುರಿಯುವ ಮೊದಲೇ ಕಂಬಿಯ ಜೊತೆ ಹಾಕಿರಬೇಕು. ಬಚ್ಚಲಿನ ನೆಲ ಉಳಿದ ನೆಲಕ್ಕಿಂತ ತಗ್ಗಿರಬೇಕು, ಅದರಡಿ ಪೈಪ್‌ಗಳಿಗೆ ಜಾಗ ಬೇಕು. ಚಿತ್ರದಲ್ಲಿ ಬಚ್ಚಲು ಹಾಲ್‌ನ ಮಟ್ಟಕ್ಕೇ ಕಂಡರೆ ಮನೆಯವರು ಆಗಲೇ ಬೆರಳಿಟ್ಟು ಕೇಳಬೇಕು.

ಕರಾರಿಗೂ ಅಂಗಡಿಗೂ ಒಂದೇ ನಂಬರ್

ಈ ಚಿತ್ರದಿಂದ ಪೂರ್ತಿ ಲಾಭ ಪಡೆಯುವ ಸರಳ ದಾರಿ: ಏಳು ಪದರಕ್ಕೂ ಕೆಳಗಿನಿಂದ 1ರಿಂದ 7ರ ತನಕ ನಂಬರ್ ಹಾಕಿಸಿ, ಕರಾರಿನಲ್ಲಿ ಕಂತುಗಳನ್ನು ಅದೇ ನಂಬರಿಗೆ ಬರೆಯುವುದು. ‘ಗೋಡೆ ಮುಗಿದ ಮೇಲೆ’ ಎಂದರೆ ಲಿಂಟಲ್ ತನಕವೋ ಮೋಲ್ಡ್ ತನಕವೋ ಎಂಬ ಎಳೆದಾಟ ಇರುವುದಿಲ್ಲ. ‘4ನೇ ಪದರ ಮುಗಿದು ಕ್ಯೂರಿಂಗ್ ಆದ ಮೇಲೆ’ ಎಂದರೆ ಒಂದೇ ಅರ್ಥ. ಪ್ರತಿ ನಂಬರಿನ ಎದುರು ಏನು ಸಾಮಾನು, ಎಷ್ಟು ದಪ್ಪ, ಸುತ್ತು ಬರುತ್ತದಾ ತುಂಡಾ ಎಂದು ಒಂದು ಸಾಲು ಬರೆದರೆ ಸಾಕು.

ಸಿಮೆಂಟ್, ಬ್ಲಾಕ್, ಕಬ್ಬಿಣ ಮಾರುವ ಅಂಗಡಿಯವರಿಗೂ ಈ ಹಾಳೆ ಕೆಲಸಕ್ಕೆ ಬರುತ್ತದೆ. ನಮ್ಮ ಮನೆಯ 3ನೇ ಪದರ 134 ಅಡಿ ಉದ್ದ, 7 ಅಡಿ ಎತ್ತರ, 938 ಚದರಡಿ. ಬಾಗಿಲು, ಕಿಟಕಿಗೆ ಸುಮಾರು 168 ಕಳೆದರೆ 770. ಹದಿನಾರು ಇಂಚು ಉದ್ದ, ಎಂಟು ಇಂಚು ಎತ್ತರದ ಬ್ಲಾಕ್, ಅರ್ಧ ಇಂಚು ಗಾರೆ ಎಂದು ಹಿಡಿದರೆ ಹೆಚ್ಚುಕಮ್ಮಿ 800 ಬ್ಲಾಕ್. 5ನೇ ಪದರಕ್ಕೆ ಇನ್ನು 350. ನಡುವೆ ಲಿಂಟಲ್ ಹಾಕಿ, ನೀರುಣಿಸಿ, ಗಟ್ಟಿಯಾಗುವ ದಿನಗಳಿವೆ. ಹಾಗಾಗಿ ಎಲ್ಲ ಬ್ಲಾಕನ್ನೂ ಒಂದೇ ಸಲ ರಸ್ತೆ ಬದಿ ಇಳಿಸುವ ಅಗತ್ಯವಿಲ್ಲ. ಒಡೆದ ಬ್ಲಾಕಿಗೆ ಎಷ್ಟು ಹೆಚ್ಚು ಎಂಬುದು ಅಂಗಡಿಯವರ ಅನುಭವಕ್ಕೆ ಬಿಟ್ಟದ್ದು.

ಇಷ್ಟೆಲ್ಲ ಆದರೂ ಈ ಚಿತ್ರ ಒಂಟಿಯಾಗಿ ನಿಲ್ಲುವಂಥದ್ದಲ್ಲ. ಮಂಜೂರಾತಿಗೆ ಬೇಕಾಗುವುದು ಅಳತೆ ಬರೆದ ಪ್ಲ್ಯಾನ್, ಎಲಿವೇಶನ್, ಸೆಕ್ಷನ್. ಕಂಬಿ ಎಷ್ಟು ದಪ್ಪ, ಎಷ್ಟು ಅಂತರ ಎಂಬುದು ಸ್ಟ್ರಕ್ಚರಲ್ ಡ್ರಾಯಿಂಗ್‌ನಲ್ಲಿ. ಚಿತ್ರಕ್ಕೂ ಆ ಹಾಳೆಗಳಿಗೂ ವ್ಯತ್ಯಾಸ ಕಂಡರೆ ಅಳತೆ ಬರೆದ ಹಾಳೆಯೇ ಲೆಕ್ಕ ಎಂದು ಕರಾರಿನಲ್ಲೇ ಸೇರಿಸಿಬಿಡಬೇಕು. ಬಿಡಿಸಿಟ್ಟ ಚಿತ್ರ ಮಾಡುವ ಕೆಲಸ ಬೇರೆ. ಯಾವುದರ ಮೇಲೆ ಯಾವುದು ಕೂರುತ್ತದೆ ಎಂಬುದನ್ನು ಮನೆಯವರು, ಮೇಸ್ತ್ರಿ, ಅಂಗಡಿಯವರು ಒಂದೇ ಮೇಜಿನ ಸುತ್ತ ಕೂತು ನೋಡುವ ಹಾಗೆ ಮಾಡುತ್ತದೆ. ಹಾಳೆ ಕೈಗೆ ಬಂದಾಗ ಪೆನ್ಸಿಲ್ ಹಿಡಿದು, ಎರಡು ಪದರದ ನಡುವಿನ ಪ್ರತಿ ಬಿಳಿ ಜಾಗದಲ್ಲಿ ‘ಇಲ್ಲಿ ಏನು ಬರುತ್ತೆ?’ ಎಂದು ಕೇಳಿ, ಬಂದ ಉತ್ತರವನ್ನು ಅಲ್ಲೇ ಬರೆದಿಟ್ಟುಕೊಂಡು, ಆಮೇಲೆ ಮುಂಗಡ ಕೊಡಬಹುದು.